ಸಲಕರಣೆ ಪೆಟ್ಟಿಗೆಗೆ ಉದ್ದ ಬಿಜಾಗರಿ: ಮುಚ್ಚಳ ಸಮನಾಗಿ ಕೂರುವಂತೆ ಜೋಡಿಸುವ ಕ್ರಮ



ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಅಡಕೆ ತೋಟವುಳ್ಳ ಮನೆಗಳಲ್ಲಿ ಒಂದು ಮರದ ಪೆಟ್ಟಿಗೆ ಇದ್ದೇ ಇರುತ್ತದೆ. ಔಷಧಿ ಸಿಂಪಡಿಸುವ ಪಂಪಿನ ಮೂತಿಗಳು, ಚರ್ಮದ ಮತ್ತು ರಬ್ಬರಿನ ವಾಷರುಗಳು, ಸ್ಪ್ಯಾನರು, ಕಸಿ ಚಾಕು, ಅರ, ಇವೆಲ್ಲಕ್ಕೂ ಅದೇ ಮನೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಮುಂಗಾರು ಹಿಡಿಯುವುದಕ್ಕೆ ಮೊದಲು ಒಮ್ಮೆ, ಆಮೇಲೆ ನಲವತ್ತು ನಲವತ್ತೈದು ದಿನಕ್ಕೆ ಮತ್ತೊಮ್ಮೆ ಹೊಡೆಯಬೇಕಾಗುತ್ತದೆ. ಆ ಎರಡನೆಯ ಸಲ ಮಳೆ ಒಂದು ದಿನ ಬಿಡುವು ಕೊಟ್ಟರೆ ಅದೇ ಭಾಗ್ಯ. ಆ ದಿನ ಪೆಟ್ಟಿಗೆ ತೆರೆದಾಗ ಸ್ಪ್ಯಾನರು ತುಕ್ಕು ಹಿಡಿದು, ವಾಷರು ಬೂಷ್ಟು ಬಂದು ಕೂತಿದ್ದರೆ ಬಿಡುವು ಮುಗಿದು ಹೋಗುತ್ತದೆ. ಇಂಥ ಪೆಟ್ಟಿಗೆಗಳನ್ನು ನೋಡಿದಾಗಲೆಲ್ಲ ಸಾಮಾನ್ಯವಾಗಿ ಕಂಡುಬರುವುದು ಒಂದೇ ದೋಷ: ಮುಚ್ಚಳ ಸಮನಾಗಿ ಕೂರುವುದಿಲ್ಲ. ಮುಂದೆ ಬೆರಳು ತೂರುವಷ್ಟು ಸಂದಿ, ಅದರಿಂದ ಎರಚಲು ಒಳಕ್ಕೆ.

ಸಣ್ಣ ಬಿಜಾಗರಿ ಎರಡು ಹಾಕಿದ ಪೆಟ್ಟಿಗೆಗಳಲ್ಲಿ ಮುಚ್ಚಳ ಮಧ್ಯದಲ್ಲಿ ಬಾಗುವುದುಂಟು. ಅದಕ್ಕೆ ಬದಲಾಗಿ ಮುಚ್ಚಳದ ಉದ್ದಕ್ಕೂ ಒಂದೇ ಪಟ್ಟಿಯಾಗಿ ಬರುವ ಉದ್ದ ಬಿಜಾಗರಿಯನ್ನು ಹಾಕಿದರೆ ಹಲಗೆಯನ್ನು ಅದು ಎಲ್ಲ ಕಡೆಯೂ ಹಿಡಿದುಕೊಳ್ಳುತ್ತದೆ. ಅಂಗಡಿಯಲ್ಲಿ ಇದನ್ನು ಪಿಯಾನೊ ಹಿಂಜ್ ಎಂದು ಕೇಳಬೇಕು. ಪಿಯಾನೊ ವಾದ್ಯದ ಉದ್ದನೆಯ ಮುಚ್ಚಳಕ್ಕೆ ಹಾಕುತ್ತಿದ್ದುದರಿಂದ ಆ ಹೆಸರು ಬಂದಿದೆ. ಆದರೆ ಇದನ್ನು ಹಾಕಿದ ಮಾತ್ರಕ್ಕೆ ಮುಚ್ಚಳ ಸರಿಯಾಗಿ ಕೂರುತ್ತದೆ ಎಂದು ತಿಳಿಯಬಾರದು. ಉದ್ದ ಬಿಜಾಗರಿ ಸಣ್ಣ ತಪ್ಪನ್ನೂ ಕ್ಷಮಿಸುವುದಿಲ್ಲ. ಆ ತಪ್ಪು ಎಲ್ಲಿ ಆಗುತ್ತದೆ, ಅದನ್ನು ಹೇಗೆ ಗುರುತಿಸಬೇಕು ಎಂಬುದೇ ಈ ಪಾಠದ ವಿಷಯ.

ಹಿಂದಿನ ಕೂದಲೆಳೆ, ಮುಂದಿನ ಬೆರಳು

ಬಿಜಾಗರಿಯ ಎರಡು ರೆಕ್ಕೆಗಳನ್ನು ಮಡಿಚಿ ಸಮಾಂತರವಾಗಿ ಹಿಡಿದು ನೋಡಿರಿ. ನಡುವೆ ಸರಳು ಇರುವುದರಿಂದ ಮಡಿಚಿದ ಬಿಜಾಗರಿಗೆ ತನ್ನದೇ ಆದ ದಪ್ಪವಿದೆ. ಸಾಧಾರಣವಾಗಿ ಇದು ಮೂರರಿಂದ ನಾಲ್ಕು ಮಿಲಿಮೀಟರು. ಇದನ್ನು ಹಾಗೆಯೇ ಹಿಂದಿನ ಹಲಗೆಯ ಮೇಲೆ ಇಟ್ಟು ಜೋಡಿಸಿದರೆ ಮುಚ್ಚಳ ಹಿಂಭಾಗದಲ್ಲಿ ಅಷ್ಟು ಎತ್ತರ ನಿಲ್ಲುತ್ತದೆ. ಆದಕಾರಣ ಹಿಂದಿನ ಹಲಗೆಯ ಮೇಲಂಚನ್ನು ಅಷ್ಟು ತಗ್ಗಿಸಬೇಕು. ಇಲ್ಲಿಯವರೆಗೆ ಎಲ್ಲರಿಗೂ ತಿಳಿದದ್ದೇ. ಎಷ್ಟು ತಗ್ಗಿಸಬೇಕು ಎಂಬಲ್ಲಿ ತಪ್ಪುತ್ತದೆ.

ಅರ್ಧ ಮಿಲಿಮೀಟರು ಕಡಿಮೆ ತಗ್ಗಿಸಿದಿರಿ ಎಂದಿಟ್ಟುಕೊಳ್ಳಿ. ಮುಚ್ಚಳದ ಮುಂಭಾಗ ಪೆಟ್ಟಿಗೆಗೆ ತಾಗಿ ಕೂರುತ್ತದೆ, ಹಿಂಭಾಗದಲ್ಲಿ ಅರ್ಧ ಮಿಲಿಮೀಟರು ಸಂದಿ ಉಳಿಯುತ್ತದೆ. ಅದು ಕಣ್ಣಿಗೆ ಬೀಳುವುದೇ ಇಲ್ಲ. ಈಗ ಅರ್ಧ ಮಿಲಿಮೀಟರು ಹೆಚ್ಚು ತಗ್ಗಿಸಿದಿರಿ ಎಂದುಕೊಳ್ಳಿ. ಮುಚ್ಚುವಾಗ ಮುಚ್ಚಳವು ಮುಂದಿನ ಅಂಚನ್ನು ಮುಟ್ಟುವ ಮೊದಲೇ, ಪಕ್ಕದ ಹಲಗೆಗಳ ಹಿಂದಿನ ತುದಿಗೆ ತಾಗುತ್ತದೆ. ಅಲ್ಲಿಗೆ ನಿಂತಿತು. ಹಾರೆಯಿಂದ ಕಲ್ಲು ಮೀಟುವಾಗ ಒತ್ತುಗಲ್ಲು ಹಾರೆಯ ತುದಿಗೆ ಹತ್ತಿರವಿದ್ದಷ್ಟೂ ತುದಿ ಸ್ವಲ್ಪ ಏಳುತ್ತದೆ, ನಿಮ್ಮ ಕೈ ಬಹಳ ದೂರ ಇಳಿಯುತ್ತದೆ. ಇಲ್ಲಿಯೂ ಹಾಗೆಯೇ. ಹಿಂದಿನ ಹಲಗೆ ಮುಕ್ಕಾಲು ಅಂಗುಲ ದಪ್ಪ, ಅಂದರೆ ಸುಮಾರು 19 ಮಿಲಿಮೀಟರು. ಮುಚ್ಚಳದ ಅಗಲ ಹತ್ತು ಅಂಗುಲ, ಅಂದರೆ ಸುಮಾರು 250 ಮಿಲಿಮೀಟರು. ತಾಗುವ ಜಾಗ ಬಿಜಾಗರಿಯಿಂದ 19 ಮಿಲಿಮೀಟರು ದೂರದಲ್ಲಿದೆ, ಮುಂದಿನ ಅಂಚು ಅದರ ಹದಿಮೂರು ಪಟ್ಟು ದೂರದಲ್ಲಿದೆ. ಆದುದರಿಂದ ಹಿಂದಿನ ಅರ್ಧ ಮಿಲಿಮೀಟರು ತಪ್ಪಿಗೆ ಮುಂದೆ ಆರು ಮಿಲಿಮೀಟರು ಬಾಯಿ ತೆರೆದು ನಿಲ್ಲುತ್ತದೆ.

ಇದರಿಂದ ತಿಳಿಯುವುದೇನೆಂದರೆ, ಕಡಿಮೆಯಾದರೂ ಚಿಂತೆಯಿಲ್ಲ, ಹೆಚ್ಚಾಗಕೂಡದು. ಹತ್ತರಿ ಹೊಡೆಯುವಾಗ ಈ ಮಾತು ಮನಸ್ಸಿನಲ್ಲಿರಲಿ.

ಮೊದಲು ಮರವನ್ನು ಪರೀಕ್ಷಿಸುವುದು

ಬಿಜಾಗರಿ ತರುವ ಮೊದಲು ಮುಚ್ಚಳವನ್ನು ಪೆಟ್ಟಿಗೆಯ ಮೇಲೆ ಬರಿದೇ ಇಟ್ಟು, ಎದುರುಬದುರು ಮೂಲೆಗಳನ್ನು ಬೆರಳಿನಿಂದ ಒತ್ತಿ ನೋಡಿರಿ. ಸರಿಯಿಲ್ಲದ ಮೇಜಿನಂತೆ ಅದು ತೊನೆದಾಡಿದರೆ ಮುಚ್ಚಳ ತಿರುಚಿದೆ, ಇಲ್ಲವೇ ಪೆಟ್ಟಿಗೆಯ ಬಾಯಿ ಒಂದು ಮಟ್ಟದಲ್ಲಿಲ್ಲ. ಇದನ್ನು ಯಾವ ಬಿಜಾಗರಿಯೂ ಸರಿಪಡಿಸಲಾರದು. ಯಾವುದು ತಿರುಚಿದೆಯೆಂದು ತಿಳಿಯಲು ಮುಚ್ಚಳವನ್ನು ಹಿಂದುಮುಂದು ತಿರುಗಿಸಿ ಅದೇ ಮುಖ ಕೆಳಗಿರುವಂತೆ ಇಡಿರಿ, ಮತ್ತು ಅದನ್ನು ಮಟ್ಟವಾದ ನೆಲದ ಮೇಲೂ ಇಟ್ಟು ನೋಡಿರಿ. ನೆಲದ ಮೇಲೂ ತೊನೆದರೆ ದೋಷ ಮುಚ್ಚಳದ್ದು. ನೆಲದ ಮೇಲೆ ಸರಿಯಾಗಿ ಕೂತು ಪೆಟ್ಟಿಗೆಯ ಮೇಲೆ ಮಾತ್ರ ತೊನೆದರೆ ಪೆಟ್ಟಿಗೆಯ ಬಾಯಿಯ ಎತ್ತರದ ಮೂಲೆಗಳಿಗೆ ಹತ್ತರಿ ಹೊಡೆಯಬೇಕು.

ಪೆಟ್ಟಿಗೆಯನ್ನು ಹೊಸದಾಗಿ ಮಾಡಿಸುವವರು ಬಡಗಿಗೆ ಒಂದು ಮಾತು ಹೇಳಿರಿ: ಹಿಂದಿನ ಹಲಗೆಯು ಪಕ್ಕದ ಹಲಗೆಗಳ ತುದಿಯನ್ನು ಮುಚ್ಚಿಕೊಂಡು ಪೆಟ್ಟಿಗೆಯ ಪೂರ್ತಿ ಉದ್ದಕ್ಕೂ ಬರಲಿ. ಆಗ ಅದರ ಮೇಲಂಚಿಗೆ ಈ ತುದಿಯಿಂದ ಆ ತುದಿಗೆ ನೇರವಾಗಿ ಹತ್ತರಿ ಓಡಿಸಬಹುದು. ಉಳಿ ಹಿಡಿದು ಗೂಡು ತೋಡುವ ಕೆಲಸವೇ ಇರುವುದಿಲ್ಲ. ಉದ್ದ ಬಿಜಾಗರಿಯಿಂದ ನಮಗಾಗುವ ದೊಡ್ಡ ಅನುಕೂಲ ಇದೇ.

ಬಿಜಾಗರಿಯ ಆಯ್ಕೆ

ಮುಕ್ಕಾಲು ಅಂಗುಲದ ಹಲಗೆಗೆ, ತೆರೆದಾಗ ಒಂದೂಕಾಲು ಅಂಗುಲ ಅಗಲ ಬರುವ ಬಿಜಾಗರಿ ಸರಿಹೋಗುತ್ತದೆ. ಒಂದು ರೆಕ್ಕೆ ಸುಮಾರು 16 ಮಿಲಿಮೀಟರು ಆಗುವುದರಿಂದ ಹಲಗೆಯ ದಪ್ಪದೊಳಗೇ ಅಡಗುತ್ತದೆ. ಉದ್ದದ ಪಟ್ಟಿಯಿಂದ ನಿಮಗೆ ಬೇಕಾದಷ್ಟನ್ನು ಕಬ್ಬಿಣ ಕೊಯ್ಯುವ ಗರಗಸದಲ್ಲಿ ಕತ್ತರಿಸಿಕೊಳ್ಳಬಹುದು. ಕತ್ತರಿಸುವಾಗ ಎರಡು ತುದಿಗಳಲ್ಲಿಯೂ ಮೊದಲ ತೂತು ತುದಿಯಿಂದ ಒಂದೇ ದೂರದಲ್ಲಿ ಬರುವಂತೆ ನೋಡಿಕೊಂಡು, ತುದಿಯನ್ನು ಅರದಿಂದ ಉಜ್ಜಿರಿ.

ಲೋಹದ ವಿಚಾರದಲ್ಲಿ ನಮ್ಮ ಕಡೆ ಸ್ವಲ್ಪ ಎಚ್ಚರ ಬೇಕು. ಮೈಲುತುತ್ತ ಸೋಕಿದ ಕಬ್ಬಿಣ ಬೇಗ ಹಾಳಾಗುತ್ತದೆ. ತುತ್ತದ ನೀರಿನಲ್ಲಿ ಕಬ್ಬಿಣದ ಮೊಳೆಯನ್ನು ಅದ್ದಿದರೆ ಅದರ ಮೇಲೆ ತಾಮ್ರದ ಕೆಂಪು ಕೂರುವುದನ್ನು ನೀವು ನೋಡಿರಬಹುದು. ತಾಮ್ರ ಕೂತಷ್ಟೂ ಕಬ್ಬಿಣ ಕರಗುತ್ತದೆ. ಸಿಂಪಡಿಸಿದ ಕೈಯಲ್ಲೇ ಪೆಟ್ಟಿಗೆ ತೆರೆಯುವುದು ರೂಢಿಯಾದ್ದರಿಂದ ಹಿತ್ತಾಳೆಯ ಅಥವಾ ಸ್ಟೇನ್‌ಲೆಸ್ ಉಕ್ಕಿನ ಬಿಜಾಗರಿ ಒಳ್ಳೆಯದು. ತುತ್ತವನ್ನೂ ತೊಳೆಯದ ಮೂತಿಗಳನ್ನೂ ಪೆಟ್ಟಿಗೆಯಲ್ಲಿ ಇಡಲೇಬಾರದು.

ತಗ್ಗಿಸುವ ಕ್ರಮ

ಬಿಜಾಗರಿಯನ್ನು ಮಡಿಚಿ, ರೆಕ್ಕೆಗಳು ಸಮಾಂತರವಾಗಿ ನಿಲ್ಲುವಂತೆ ನಡುವೆ ರಟ್ಟಿನ ಪಟ್ಟಿ ಸೇರಿಸಿ. ಈಗ ಅದರ ದಪ್ಪವನ್ನು ಅಳೆದು, ಹಿಂದಿನ ಹಲಗೆಯ ಒಳಮೈ ಮತ್ತು ಹೊರಮೈ ಎರಡರಲ್ಲೂ ಮೇಲಂಚಿನಿಂದ ಅಷ್ಟು ಕೆಳಗೆ ಸೀಸದ ಕಡ್ಡಿಯಿಂದ ಗೆರೆ ಎಳೆಯಿರಿ. ಗೆರೆಗೆ ಒಂದು ಮಿಲಿಮೀಟರು ಉಳಿಯುವವರೆಗೆ ಧೈರ್ಯವಾಗಿ ಹತ್ತರಿ ಹೊಡೆಯಬಹುದು. ಆಮೇಲೆ ಅಳತೆಕೋಲನ್ನು ನಂಬಬಾರದು, ಬಿಜಾಗರಿಯನ್ನೇ ನಂಬಬೇಕು.

ಮಡಿಚಿದ ಬಿಜಾಗರಿಯನ್ನು ಹಲಗೆಯ ಮೇಲಂಚಿನ ಮೇಲೆ ಇಡಿರಿ. ಪಕ್ಕದ ಹಲಗೆಗಳ ಮೇಲೆ, ಬಿಜಾಗರಿಯನ್ನೂ ದಾಟುವಂತೆ ಒಂದು ನೇರವಾದ ಪಟ್ಟಿಕೋಲನ್ನು ಅಡ್ಡಲಾಗಿ ಇಡಿರಿ. ಕೋಲು ಬಿಜಾಗರಿಯ ಮೇಲೆ ಕೂತು ಪಕ್ಕದ ಹಲಗೆಯಿಂದ ಎದ್ದಿದ್ದರೆ ಇನ್ನೂ ತಗ್ಗಬೇಕು. ಎದ್ದ ಸಂದಿಯಲ್ಲಿ ಒಂದು ಹಾಳೆ ಕಾಗದ ಮಾತ್ರ ನುಸುಳುವಂತಾದಾಗ ಕೆಲಸ ನಿಲ್ಲಿಸಿರಿ. ಕೋಲಿಗೂ ಬಿಜಾಗರಿಗೂ ನಡುವೆ ಕಾಗದ ನುಸುಳಿದರೆ ನೀವು ಹೆಚ್ಚು ತೆಗೆದಿದ್ದೀರಿ. ಈ ಪರೀಕ್ಷೆಯನ್ನು ಬಲತುದಿ, ಎಡತುದಿ ಎರಡರಲ್ಲೂ ಮಾಡಬೇಕು. ನಡುವೆ ಉಬ್ಬು ಉಳಿದಿದೆಯೇ ಎಂದು ಹಲಗೆಯ ಅಂಚಿನ ಉದ್ದಕ್ಕೆ ಕೋಲು ಹಿಡಿದು ಬೆಳಕಿಗೆ ನೋಡಬೇಕು.

ತಿರುಪು ಮೊಳೆ ಕೂರಿಸುವುದು

ಮುಚ್ಚಳವನ್ನು ಮಗುಚಿ, ಒಳಮೈ ಮೇಲೆ ಬರುವಂತೆ ಪೆಟ್ಟಿಗೆಯ ಬೆನ್ನಿಗೆ ತಾಗಿಸಿ, ಕೆಳಗೆ ಹಲಗೆ ತುಂಡುಗಳನ್ನು ಒತ್ತುಕೊಟ್ಟು ತಗ್ಗಿಸಿದ ಅಂಚಿನ ಮಟ್ಟಕ್ಕೆ ತನ್ನಿರಿ. ಎರಡರ ತುದಿಗಳೂ ಒಂದೇ ನೇರದಲ್ಲಿರಲಿ. ಬಿಜಾಗರಿಯನ್ನು ಬಿಚ್ಚಿ, ಅದರ ಗಂಟು ಎರಡು ಹಲಗೆಗಳೂ ಕೂಡುವ ಗೆರೆಯ ಮೇಲೆಯೇ ಬರುವಂತೆ ಇಡಿರಿ.

ಇಲ್ಲಿ ಆತುರಪಟ್ಟು ಎಲ್ಲ ತೂತುಗಳನ್ನೂ ಒಮ್ಮೆಗೇ ಕೊರೆಯಬಾರದು. ಒಂದು ರೆಕ್ಕೆಗೆ ಮೂರೇ ತಿರುಪು: ಎರಡು ತುದಿಗೆ ಎರಡು, ನಡುವೆ ಒಂದು. ಅರ್ಧ ಅಂಗುಲ ಉದ್ದದ, ನಾಲ್ಕನೆಯ ನಂಬರಿನ, ಚಪ್ಪಟೆ ತಲೆಯ ತಿರುಪು ಸಾಕು. ಮೊದಲು ಮೊನಚಾದ ದಬ್ಬಳದಿಂದ ತೂತಿನ ನಟ್ಟನಡುವೆ ಗುರುತು ಮಾಡಿ, ಆಮೇಲೆ ಬೈರಿಗೆಯಿಂದ ಕೊರೆಯಿರಿ. ಹೊನ್ನೆಯಂಥ ಗಟ್ಟಿ ಮರಕ್ಕೆ ಎರಡು ಮಿಲಿಮೀಟರಿನ ತೂತು, ಸಿಲ್ವರ್ ಓಕಿನಂಥ ಮೆದು ಮರಕ್ಕೆ ಒಂದೂವರೆ ಮಿಲಿಮೀಟರಿನದು.

ನಟ್ಟನಡುವೆ ಎಂದು ಒತ್ತಿ ಹೇಳಲು ಕಾರಣವಿದೆ. ತಿರುಪಿನ ತಲೆ ಬುಗುರಿಯಂತೆ ಇಳಿಜಾರಾಗಿದೆ. ತೂತು ಒಂದು ಮಗ್ಗುಲಿಗೆ ಸರಿದಿದ್ದರೆ ತಲೆ ಒಳಗೆ ಕೂರುವಾಗ ಇಡೀ ಬಿಜಾಗರಿಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಒಂದು ತಿರುಪು ಹಿಂದಕ್ಕೆ, ಮತ್ತೊಂದು ಮುಂದಕ್ಕೆ ಎಳೆದರೆ ಬಿಜಾಗರಿ ಹಾವಿನಂತೆ ವಕ್ರವಾಗುತ್ತದೆ. ಆಮೇಲೆ ಮುಚ್ಚಳ ಬಿಗಿಯಾಗಿ ತಿರುಗುತ್ತದೆ, ಕಿರ್ರೆನ್ನುತ್ತದೆ. ಅಂಥ ತೂತು ಆಗಿಬಿಟ್ಟರೆ ಬಿದಿರಿನ ಕಡ್ಡಿಗೆ ಮರದ ಅಂಟು ಸವರಿ ಅದರಲ್ಲಿ ಬಡಿದು, ಒಂದು ರಾತ್ರಿ ಒಣಗಿಸಿ, ಹೊಸದಾಗಿ ಕೊರೆಯಿರಿ.

ಹಿತ್ತಾಳೆಯ ತಿರುಪು ಮೆದುವಾದ್ದರಿಂದ ಗಟ್ಟಿ ಮರದಲ್ಲಿ ತಲೆ ಮುರಿಯುವುದುಂಟು. ಅದೇ ಅಳತೆಯ ಕಬ್ಬಿಣದ ತಿರುಪನ್ನು ಮೊದಲು ಹಾಕಿ ತೆಗೆದು, ದಾರಿ ಮಾಡಿಕೊಂಡು, ಹಿತ್ತಾಳೆಯದಕ್ಕೆ ಸ್ವಲ್ಪ ಮೇಣ ಸವರಿ ಹಾಕಿರಿ. ಸಾಬೂನು ಬೇಡ, ಅದು ತೇವ ಹಿಡಿಯುತ್ತದೆ.

ಮುಚ್ಚಿ ನೋಡುವ ಪರೀಕ್ಷೆ

ಆರು ತಿರುಪುಗಳ ಮೇಲೆ ಮುಚ್ಚಳವನ್ನು ಮುಚ್ಚಿ ನೋಡಿರಿ. ಎರಡು ಬೆರಳಗಲದ ಕಾಗದದ ಪಟ್ಟಿಯನ್ನು ಮುಚ್ಚಳದ ಕೆಳಗೆ ಇಟ್ಟು ಮುಚ್ಚಿ, ಮೆಲ್ಲನೆ ಎಳೆಯಿರಿ. ಹೀಗೆ ಮುಂದೆ ಮೂರು ಕಡೆ, ಪ್ರತಿ ಪಕ್ಕದಲ್ಲಿ ಹಿಂದೆ ಒಂದು, ನಡುವೆ ಒಂದು ಕಡೆ ಮಾಡಬೇಕು.

ಮುಂದೆ ಎಲ್ಲ ಕಡೆ ಕಾಗದ ಹಿಡಿದು, ಪಕ್ಕದ ಹಿಂತುದಿಯಲ್ಲಿ ಸ್ವಲ್ಪ ಸಡಿಲವಾಗಿ ಬಂದರೆ ಕೆಲಸ ಸರಿಯಾಗಿದೆ. ಪಕ್ಕದ ಹಿಂತುದಿಯಲ್ಲಿ ಬಿಗಿಯಾಗಿ ಹಿಡಿದು, ಮುಂದೆ ಸಲೀಸಾಗಿ ಬಂದರೆ ಹಿಂದಿನ ಹಲಗೆಯನ್ನು ಹೆಚ್ಚು ತಗ್ಗಿಸಲಾಗಿದೆ. ಮುಂದಿನ ಒಂದು ಮೂಲೆಯಲ್ಲಿ ಹಿಡಿದು ಇನ್ನೊಂದರಲ್ಲಿ ಬಾಯಿ ತೆರೆದಿದ್ದರೆ, ಬಿಜಾಗರಿ ಕಳಚಿ ತೊನೆಯುವ ಪರೀಕ್ಷೆಯನ್ನು ಮತ್ತೆ ಮಾಡಿರಿ, ಅದು ಮರದ ತಿರುಚು. ಹಿಂತುದಿಯಲ್ಲಿಯೂ ಹಿಡಿಯದೆ, ಮುಂದೆಯೂ ಕೂರದೆ ಮುಚ್ಚಳ ಪುಟಿದರೆ ತಿರುಪಿನ ತಲೆಗಳು ಒಂದಕ್ಕೊಂದು ತಾಗುತ್ತಿವೆ. ತಲೆಯ ಮೇಲೆ ಹೊಳೆಯುವ ಗುರುತು ಬಿದ್ದಿರುತ್ತದೆ. ಅಲ್ಲಿ ದೊಡ್ಡ ತಲೆಯ ತಿರುಪನ್ನು ತೆಗೆದು ಸರಿಯಾದ ನಂಬರಿನದನ್ನು ಹಾಕಬೇಕು.

ಎಲ್ಲ ಸರಿಯೆನಿಸಿದ ಮೇಲೆಯೇ ಉಳಿದ ತಿರುಪುಗಳು. ಒಂದು ತುದಿಯಿಂದ ಸಾಲಾಗಿ ಹೋಗದೆ, ಅತ್ತ ಒಂದು ಇತ್ತ ಒಂದು ಎಂಬಂತೆ ಹಾಕಿ, ನಡುನಡುವೆ ಮುಚ್ಚಿ ನೋಡುತ್ತಿರಿ.

ಒಂದು ಪೆಟ್ಟಿಗೆಯ ಕಥೆ

ಕೊಪ್ಪ ತಾಲ್ಲೂಕಿನ ಒಂದು ತೋಟದ ಮನೆಗೆ ಅಡಕೆ ಸಸಿ ನೋಡಲು ಹೋದಾಗ ಜಗಲಿಯಲ್ಲಿ ಇಂಥದೊಂದು ಪೆಟ್ಟಿಗೆ ಕಂಡಿತು. ಹಲಸಿನ ಹಲಗೆಯದು, ಎರಡಡಿ ಉದ್ದ, ಹತ್ತು ಅಂಗುಲ ಅಗಲ. ಉದ್ದ ಬಿಜಾಗರಿಯನ್ನೇ ಹಾಕಿದ್ದರು. ಆದರೂ ಮುಂದೆ ಆರು ಮಿಲಿಮೀಟರು ಸಂದಿ. ಮನೆಯ ಯಜಮಾನರು, “ಮುಚ್ಚಳ ಬಾಗಿದೆ ಮಾರಾಯ್ರೆ, ಎರಡು ಸಲ ಮುಂದೆ ಕೀಸಿದೆ, ಸಂದಿ ದೊಡ್ಡದಾಯ್ತೇ ಹೊರತು ಕೂರ್ಲಿಲ್ಲ” ಎಂದರು. ಚಿಲಕವನ್ನು ಒತ್ತಿ ಹಾಕುತ್ತಿದ್ದುದರಿಂದ ಬಿಜಾಗರಿಯ ಎರಡು ತಿರುಪುಗಳು ಆಗಲೇ ಸಡಿಲವಾಗಿದ್ದವು.

ಬಿಜಾಗರಿ ಕಳಚಿ ಮುಚ್ಚಳವನ್ನು ಬರಿದೇ ಇಟ್ಟೆವು. ತೊನೆಯಲಿಲ್ಲ. ಅಂದಮೇಲೆ ಮುಚ್ಚಳದ ತಪ್ಪಲ್ಲ. ತಿರುಗಿ ಜೋಡಿಸಿ ಕಾಗದದ ಪಟ್ಟಿ ಇಟ್ಟಾಗ ಎರಡೂ ಪಕ್ಕದ ಹಿಂತುದಿಯಲ್ಲಿ ಅದು ಹರಿಯುವಷ್ಟು ಬಿಗಿಯಾಗಿ ಹಿಡಿಯಿತು. ಮುಚ್ಚಳದ ಮುಂಭಾಗ ಏನನ್ನೂ ಮುಟ್ಟುತ್ತಲೇ ಇರಲಿಲ್ಲ. ಮುಟ್ಟದ ಜಾಗವನ್ನು ಕೀಸಿದರೆ ಸಂದಿ ಹೆಚ್ಚುವುದಲ್ಲದೆ ಇನ್ನೇನಾದೀತು! ಆರು ಮಿಲಿಮೀಟರಿಗೆ ಕಾರಣ ಹಿಂದಿನ ಅರ್ಧ ಮಿಲಿಮೀಟರು.

ತಗ್ಗಿಸಿದ ಮರವನ್ನು ಮರಳಿ ಬೆಳೆಸಲಾಗದು, ಆದರೆ ಬಿಜಾಗರಿಯನ್ನು ಎತ್ತಬಹುದು. ಆ ಮನೆಯಲ್ಲಿ ಹಳೆಯ ಎಕ್ಸ್‌ರೇ ಹಾಳೆಯೊಂದಿತ್ತು. ಅದರಿಂದ ರೆಕ್ಕೆಯ ಅಗಲದ ಮೂರು ಉದ್ದ ಪಟ್ಟಿಗಳನ್ನು ಕತ್ತರಿಸಿದೆವು. ಮೂರೂ ಸೇರಿ ಸುಮಾರು ಅರ್ಧ ಮಿಲಿಮೀಟರು. ರಟ್ಟಿಗಿಂತ ಇದು ಮೇಲು, ಏಕೆಂದರೆ ಮಳೆಗಾಲದಲ್ಲಿ ರಟ್ಟು ನೀರು ಕುಡಿದು ಊದಿಕೊಳ್ಳುತ್ತದೆ. ಕೆಳಗಿನ ರೆಕ್ಕೆಯ ಅಡಿಗೆ ಪಟ್ಟಿಗಳನ್ನು ಇಟ್ಟು, ಸಡಿಲವಾದ ತೂತುಗಳಿಗೆ ಬಿದಿರು ಕಡ್ಡಿ ಬಡಿದು, ಮೂರು ತಿರುಪು ಹಾಕಿ ಮುಚ್ಚಿದೆವು. ಮುಂಭಾಗ ಕೆಳಗಿಳಿಯಿತು. ಯಜಮಾನರು ಎರಡು ಸಲ ಕೀಸಿದ್ದ ಒಂದು ಮಿಲಿಮೀಟರಿನಷ್ಟು ಸಂದಿ ಮಾತ್ರ ಉಳಿಯಿತು. ಅದಕ್ಕೆ ಮುಂದಿನ ಅಂಚಿನ ಒಳಗೆ ತೆಳುವಾದ ಮರದ ಪಟ್ಟಿಯೊಂದನ್ನು ಅಂಟಿಸಬೇಕಾಯಿತು. ಮೊದಲೇ ಕಾಗದ ಇಟ್ಟು ನೋಡಿದ್ದರೆ ಈ ಪಟ್ಟಿಯ ಕೆಲಸ ಉಳಿಯುತ್ತಿತ್ತು.

ಮಳೆಗಾಲದ ಮಿತಿ

ಬೇಸಗೆಯಲ್ಲಿ ಸರಿಯಾಗಿ ಕೂತ ಮುಚ್ಚಳ ಆಷಾಢದಲ್ಲಿ ಏಕೆ ಕೆಡುತ್ತದೆ ಎಂದು ಕೆಲವರು ಕೇಳುತ್ತಾರೆ. ಮರವು ತೇವ ಹೀರಿ ಅಡ್ಡಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಹಿಗ್ಗುವುದು ಗಣನೆಗೆ ಬಾರದಷ್ಟು. ಬಿಜಾಗರಿ ಹಲಗೆಯ ಉದ್ದಕ್ಕಿರುವುದರಿಂದ ಅದಕ್ಕೆ ಎಳೆತವಿಲ್ಲ. ಆದರೆ ಹತ್ತು ಅಂಗುಲದ ಮುಚ್ಚಳ ಮಳೆಗಾಲದಲ್ಲಿ ಮುಂದಕ್ಕೆ ಎರಡು ಮೂರು ಮಿಲಿಮೀಟರು ಚಾಚುವುದುಂಟು. ಆದುದರಿಂದ ಚಿಲಕದ ಕೊಂಡಿಗೆ ಅಷ್ಟು ಸಡಿಲ ಬಿಟ್ಟಿರಬೇಕು. ಮಳೆ ಹೆಚ್ಚಾದ ಶೃಂಗೇರಿ, ಕೊಪ್ಪದ ಕಡೆಯವರು ಇದನ್ನು ಮರೆಯಬಾರದು.

ಹಿಗ್ಗುವುದಕ್ಕಿಂತ ಕೆಟ್ಟದ್ದು ಬಾಗುವುದು. ಮುಚ್ಚಳದ ಹೊರಮೈಗೆ ಮಾತ್ರ ಬಣ್ಣ ಬಳಿದು ಒಳಮೈಯನ್ನು ಬಿಟ್ಟರೆ ಒಂದು ಮೈ ತೇವ ಹೀರುತ್ತದೆ, ಇನ್ನೊಂದು ಹೀರುವುದಿಲ್ಲ. ಹಲಗೆ ದೋಣಿಯಂತಾಗುತ್ತದೆ. ಎಣ್ಣೆಯಾಗಲಿ ಬಣ್ಣವಾಗಲಿ ಎರಡು ಮೈಗೂ ಅಂಚುಗಳಿಗೂ ಸಮನಾಗಿ ಕೊಡಬೇಕು, ಅದೂ ಬಿಜಾಗರಿ ಜೋಡಿಸುವ ಮೊದಲೇ. ಬಣ್ಣದ ಪದರಕ್ಕೂ ದಪ್ಪವಿರುವುದರಿಂದ, ಬಿಜಾಗರಿ ಕೂರುವ ಜಾಗದಲ್ಲಿ ಅದು ಗಂಟುಗಂಟಾಗದಿರಲಿ. ಹಸಿ ಹಲಗೆಯನ್ನು ಬಳಸಲೇಬಾರದು. ಒಲೆಯ ಮೇಲಿನ ಅಟ್ಟದಲ್ಲಿ ಒಂದು ಮಳೆಗಾಲ ಕಳೆದ ಹಲಗೆಯನ್ನು ಬಳಸಿದರೆ ಮುಂದೆ ತೊಂದರೆ ಕಡಿಮೆ.

ಕೊನೆಯದಾಗಿ, ಮುಚ್ಚಳವನ್ನು ಹಿಂದಕ್ಕೆ ಬೀಳಬಿಡಬೇಡಿರಿ. ಬಿದ್ದಾಗಲೆಲ್ಲ ಇಡೀ ಮುಚ್ಚಳದ ಭಾರ ಅರ್ಧ ಅಂಗುಲದ ತಿರುಪುಗಳನ್ನು ಕೀಳುತ್ತದೆ. ಒಳಗಡೆ ಒಂದು ಪಕ್ಕಕ್ಕೆ ಸಣ್ಣ ಸರಪಳಿ ಅಥವಾ ಗಟ್ಟಿ ಹುರಿ ಕಟ್ಟಿ, ಮುಚ್ಚಳ ನೇರಕ್ಕಿಂತ ಸ್ವಲ್ಪ ಹಿಂದೆ ವಾಲಿ ನಿಲ್ಲುವಂತೆ ಮಾಡಿರಿ.

ಈ ಸಲ ಮೊದಲ ಔಷಧಿ ಹೊಡೆಯುವುದಕ್ಕೆ ಪಂಪನ್ನು ಹೊರತೆಗೆಯುವ ದಿನ, ಪೆಟ್ಟಿಗೆಯ ಹಿಂತುದಿಯಲ್ಲಿ ಒಂದು ಕಾಗದದ ಪಟ್ಟಿ ಇಟ್ಟು ಎಳೆದು ನೋಡಿರಿ. ಅಲ್ಲಿ ಹಿಡಿದರೆ ಮುಂದೆ ಕೀಸಬೇಡಿರಿ, ಹಿಂದೆ ಎತ್ತಿರಿ.